ಒಂದು ದಿನ ಮೊದಲೇ ಮುಗಿದ ಆಟ: ಕೊಡಗಿನ ಕಾಲೇಜೊಂದರ ಹೂಡಿಕೆ ಸಂಘದ ಪ್ರಕರಣ

2024ರ ಸೆಪ್ಟೆಂಬರ್ ಕೊನೆಯ ವಾರ ದಕ್ಷಿಣ ಕೊಡಗಿನ ಒಂದು ಕಾಲೇಜಿನ ಹೂಡಿಕೆ ಸಂಘದಲ್ಲಿ ಮಾತನಾಡಲು ಹೋಗಿದ್ದೆ. ಒಂದು ಗಂಟೆಯ ಭಾಷಣ. ಅದು ಹೇಗೆ ಎರಡು ಸಲ ದಾರಿ ತಪ್ಪಿತು, ಯಾವ ಹೊತ್ತಿನಲ್ಲಿ ಮಕ್ಕಳ ಮನಸ್ಸಿಗೆ ತಾಗಿತು, ಭಾಷಣ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ನನ್ನ ಮುಂದೆ ಏನನ್ನು ತೆರೆದಿಟ್ಟ ಎಂಬುದನ್ನು ಬರೆದಿಡುತ್ತಿದ್ದೇನೆ. ಊರುಗಳಲ್ಲಿ ಈಗ ಇಂಥ ಸಂಘಗಳು ಹೆಚ್ಚುತ್ತಿವೆ. ಅವುಗಳನ್ನು ನಡೆಸುವ ಅಧ್ಯಾಪಕರಿಗೆ ಇದು ಉಪಯೋಗಕ್ಕೆ ಬರಬಹುದು. ಗುರುತು ಸಿಗಬಾರದೆಂದು ಕಾಲೇಜಿನ ಹೆಸರನ್ನು ಬಿಟ್ಟಿದ್ದೇನೆ, ಮನೆಯ ವಿವರಗಳನ್ನೂ ವಿದ್ಯಾರ್ಥಿಯ ವ್ಯವಹಾರದ ಮೊತ್ತಗಳನ್ನೂ ಸ್ವಲ್ಪ ಬದಲಿಸಿದ್ದೇನೆ. ಮಾರುಕಟ್ಟೆಯ ದಿನಾಂಕ ಮತ್ತು ಸೂಚ್ಯಂಕದ ಅಂಕಿಗಳು ಮಾತ್ರ ಇದ್ದಂತೆಯೇ ಇವೆ. ಆ ವಿದ್ಯಾರ್ಥಿ ಇದನ್ನು ಓದಿ ಒಪ್ಪಿದ್ದಾನೆ.

ನನ್ನ ಬಗ್ಗೆ ಇಷ್ಟು ಹೇಳಿದರೆ ಸಾಕು: ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕೊಡಗಿನ ಶಾಖೆಗಳಲ್ಲಿ ಬಹಳ ವರ್ಷ ಕಾಫಿ ಬೆಳೆಗಾರರ ಸಾಲದ ಕಡತಗಳನ್ನು ನೋಡಿಕೊಂಡಿದ್ದೆ.

ಹಿನ್ನೆಲೆ

ಸಂಘದಲ್ಲಿ 36 ಮಂದಿ ಇದ್ದರು, ಹೆಚ್ಚಿನವರು ಬಿ.ಕಾಂ. ವಿದ್ಯಾರ್ಥಿಗಳು. ಅರ್ಧಕ್ಕಿಂತ ಹೆಚ್ಚು ಮಂದಿ ತೋಟವಿರುವ ಮನೆಗಳಿಂದ ಬಂದವರು. ಆ ವರ್ಷ ರೊಬಸ್ಟಾ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಿತ್ತು, ಬಹಳ ಮನೆಗಳಲ್ಲಿ ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡುತ್ತಿತ್ತು. ಸಂಘದ ಮುಖ್ಯ ಚಟುವಟಿಕೆ ಒಂದು ಸ್ಪರ್ಧೆ. ಪ್ರತಿಯೊಬ್ಬರಿಗೂ ಕಾಗದದ ಮೇಲೆ ಒಂದು ಲಕ್ಷ ರೂಪಾಯಿ ಕೊಟ್ಟು, ಮೂರು ತಿಂಗಳ ನಂತರ ಯಾರ ಹಣ ಹೆಚ್ಚು ಬೆಳೆದಿದೆಯೋ ಅವರಿಗೆ ಬಹುಮಾನ.

ಈ ನಿಯಮವನ್ನು ಸ್ವಲ್ಪ ನಿಂತು ನೋಡಬೇಕು. ಇಲ್ಲಿ ಮೊದಲ ಸ್ಥಾನಕ್ಕೆ ಬಹುಮಾನವಿದೆ, ಕೊನೆಯ ಸ್ಥಾನಕ್ಕೆ ದಂಡವಿಲ್ಲ. ಹಣವೆಲ್ಲ ಹೋದರೂ ಹೋದದ್ದು ಕಾಗದ. ಹಾಗಿರುವಾಗ ಹತ್ತು ಒಳ್ಳೆಯ ಕಂಪನಿಗಳ ಷೇರು ಕೊಂಡು ಕುಳಿತವನು ಎಂದಿಗೂ ಗೆಲ್ಲುವುದಿಲ್ಲ. ಇಡೀ ಲಕ್ಷವನ್ನು ಒಂದೇ ಕಡೆಗೆ ಎಸೆದವರಲ್ಲಿ ಯಾರೋ ಒಬ್ಬರು ಗೆಲ್ಲುತ್ತಾರೆ. ಸ್ಪರ್ಧೆಯ ನಿಯಮವೇ ಆ ಮಕ್ಕಳಿಗೆ ಪಾಠ ಹೇಳಿಕೊಡುತ್ತಿತ್ತು, ಅದು ಅಧ್ಯಾಪಕರ ಉದ್ದೇಶಕ್ಕೆ ತದ್ವಿರುದ್ಧವಾದ ಪಾಠ. ನಾನಾಗಲಿ ಅಧ್ಯಾಪಕರಾಗಲಿ ಭಾಷಣಕ್ಕೆ ಮುಂಚೆ ಇದನ್ನು ಗಮನಿಸಿರಲಿಲ್ಲ.

ಮೊದಲ ಸ್ಪರ್ಧೆಯಲ್ಲಿ ಗೆದ್ದವನು ಸಂಘದ ಕಾರ್ಯದರ್ಶಿ. ದೇಶದ 50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕವಾದ ನಿಫ್ಟಿ ಆ ವಾರದೊಳಗೆ ಎತ್ತ ಹೋಗುತ್ತದೆ ಎಂಬುದರ ಮೇಲಿನ ಒಪ್ಪಂದಗಳಾದ ವಾರದ ಆಪ್ಷನ್‌ಗಳನ್ನು ಕೊಂಡು, ಮಾರಿ, ಕಾಗದದ ಒಂದು ಲಕ್ಷವನ್ನು ₹2,90,000 ಮಾಡಿದ್ದ. ಬುದ್ಧಿವಂತ, ಓದಿನಲ್ಲೂ ಮುಂದೆ. ಅವನ ಮನೆಗೆ ನಾಲ್ಕು ಎಕರೆ ಕಾಫಿ ತೋಟ, ಮರಗಳಿಗೆ ಹಬ್ಬಿದ ಕರಿಮೆಣಸು. ತಂದೆಯ ಹೆಸರಿನಲ್ಲಿ ಡಿಮ್ಯಾಟ್ ಖಾತೆ ಇತ್ತು, ಮೊಬೈಲಿನಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದವನು ಮಗ. ಆದಾಯದ ದಾಖಲೆ ಕೊಟ್ಟು ಆಪ್ಷನ್ ವ್ಯವಹಾರಕ್ಕೆ ಅನುಮತಿ ಪಡೆದದ್ದೂ ತಂದೆಯ ಹೆಸರಿನಲ್ಲಿಯೇ. ತಂದೆಗೆ ಅದು 'ಷೇರು' ಎಂದಷ್ಟೇ ಗೊತ್ತು.

ನನ್ನನ್ನು ಕರೆದ ಅಧ್ಯಾಪಕರಿಗೆ ಈ ಯಾವುದೂ ತಿಳಿದಿರಲಿಲ್ಲ. "ಸರ್, ಮಕ್ಕಳು ದೊಡ್ಡ ಲಾಭದ ಕನಸಿನಲ್ಲಿದ್ದಾರೆ. ಆಟದಲ್ಲಿ ಉಳಿಯುವುದು ಮುಖ್ಯ ಎಂದು ನೀವು ಬಂದು ಹೇಳಬೇಕು" ಎಂದಷ್ಟೇ ಕೇಳಿಕೊಂಡಿದ್ದರು.

ಜೂನ್ ತಿಂಗಳ ಆ ಐದು ದಿನಗಳು

ಕಾರ್ಯದರ್ಶಿಯ ಕಥೆ ನನಗೆ ತಿಳಿದದ್ದು ಭಾಷಣದ ನಂತರ. ಆದರೆ ಭಾಷಣ ಎಲ್ಲಿ ಸೋತಿತು ಎಂಬುದು ಅರ್ಥವಾಗಬೇಕಾದರೆ ಅದನ್ನು ಮೊದಲು ಹೇಳಬೇಕು.

2024ರ ಮೇ 31, ಶುಕ್ರವಾರ. ನಿಫ್ಟಿ 22,530ರಲ್ಲಿ ಮುಗಿದಿತ್ತು. ಮರುದಿನ ಸಂಜೆ ಲೋಕಸಭಾ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳು ಬರುವುದಿತ್ತು. ಕಾರ್ಯದರ್ಶಿ ಅಂದು ಮಧ್ಯಾಹ್ನ ಮೊದಲ ಬಾರಿಗೆ ನಿಜವಾದ ಹಣದಿಂದ 23,000ದ ಕಾಲ್ ಆಪ್ಷನ್ ಕೊಂಡ. ಅಂದರೆ, ಜೂನ್ 6ರ ಗುರುವಾರದೊಳಗೆ ನಿಫ್ಟಿ 23,000ವನ್ನು ಸಾಕಷ್ಟು ದಾಟಿದರೆ ಲಾಭ, ದಾಟದಿದ್ದರೆ ಕೊಟ್ಟ ಹಣ ಪೂರ್ತಿ ಹೋಗುತ್ತದೆ. 25ರ ಕಟ್ಟುಗಳಲ್ಲಿ, ಅಂದರೆ ಲಾಟ್ ಲೆಕ್ಕದಲ್ಲಿ, ಮಾತ್ರ ಕೊಳ್ಳಬಹುದಿತ್ತು. ಒಂದಕ್ಕೆ ₹190ರಂತೆ ನಾಲ್ಕು ಲಾಟ್. ಒಟ್ಟು ₹19,000. ಅದು ಅವನದೇ ಹಣ, ವಿದ್ಯಾರ್ಥಿವೇತನ ಮತ್ತು ರಜೆಯಲ್ಲಿ ಹೋಂಸ್ಟೇಯೊಂದರಲ್ಲಿ ದುಡಿದದ್ದು.

ಶನಿವಾರ ಬಂದ ಸಮೀಕ್ಷೆಗಳು ಸರ್ಕಾರಕ್ಕೆ ಭಾರೀ ಬಹುಮತ ಹೇಳಿದವು. ಜೂನ್ 3ರ ಸೋಮವಾರ ನಿಫ್ಟಿ 733 ಅಂಶ ಏರಿ 23,263ರಲ್ಲಿ ನಿಂತಿತು. ಅವನು ₹190ಕ್ಕೆ ಕೊಂಡದ್ದನ್ನು ₹570ಕ್ಕೆ ಮಾರಿದ. ₹19,000 ಮೂರು ದಿನದಲ್ಲಿ ₹57,000.

ಆ ಸೋಮವಾರ ಮಧ್ಯಾಹ್ನ ಅವನು ತೆಗೆದುಕೊಂಡ ತೀರ್ಮಾನವೇ ಈ ಪ್ರಕರಣದ ನಡುಗಂಬ. ಖಾತೆಗೆ ಜೋಡಿಸಿದ್ದ ತಂದೆಯ ಬ್ಯಾಂಕ್ ಖಾತೆಯಲ್ಲಿ ಗೊಬ್ಬರಕ್ಕೂ ಆಳುಗಳ ವಾರದ ಬಟವಾಡೆಗೂ ಎತ್ತಿಟ್ಟಿದ್ದ ಹಣವಿತ್ತು. ಅದರಲ್ಲಿ ₹60,000 ತೆಗೆದು ₹57,000ಕ್ಕೆ ಸೇರಿಸಿದ. "ಸಮೀಕ್ಷೆ ಬಂದಿದ್ದಕ್ಕೇ ಇಷ್ಟು ಏರಿದರೆ, ನಿಜವಾದ ಫಲಿತಾಂಶಕ್ಕೆ ಎಷ್ಟು ಏರಬಹುದು ಎಂದು ಲೆಕ್ಕ ಹಾಕಿದೆ ಸರ್. ಮಂಗಳವಾರ ಸಂಜೆಗೆ ಅಪ್ಪನ ಹಣವನ್ನು ವಾಪಸ್ ಇಡುತ್ತೇನೆ ಎಂದುಕೊಂಡೆ" ಎಂದು ನಂತರ ಹೇಳಿದ. ಅದೇ ಗುರುವಾರಕ್ಕೆ ಮುಗಿಯುವ 23,200ರ ಕಾಲ್, ಒಂದಕ್ಕೆ ₹390. ಹನ್ನೆರಡು ಲಾಟ್, ಸರಿಯಾಗಿ ₹1,17,000. ಖಾತೆಯಲ್ಲಿ ಬೇರೇನೂ ಉಳಿಯಲಿಲ್ಲ.

ಜೂನ್ 4ರಂದು ಮತ ಎಣಿಕೆ. ಆಡಳಿತ ಪಕ್ಷಕ್ಕೆ ಸ್ವಂತ ಬಹುಮತ ಬರುತ್ತಿಲ್ಲ ಎಂದು ಬೆಳಗ್ಗೆಯೇ ಕಾಣತೊಡಗಿತು. ನಿಫ್ಟಿ ಆ ದಿನ 1,379 ಅಂಶ, ಅಂದರೆ ಶೇಕಡಾ 5.9ರಷ್ಟು ಕುಸಿದು 21,884ರಲ್ಲಿ ಮುಗಿಯಿತು. ಅವನ ಆಪ್ಷನ್‌ಗಳಿಗೆ ಮಧ್ಯಾಹ್ನದ ಹೊತ್ತಿಗೆ ಬೆಲೆಯೇ ಇರಲಿಲ್ಲ ಎನ್ನಬೇಕು. ಇನ್ನೂ ಎರಡು ದಿನವಿದೆ ಎಂಬ ಆಸೆಯಲ್ಲಿ ಮಾರದೆ ಕುಳಿತ. ಬುಧವಾರ ನಿಫ್ಟಿ 22,620ಕ್ಕೆ ಏರಿತು, ಗುರುವಾರ 22,821ಕ್ಕೆ. ಏರಿತು ನಿಜ, ಆದರೆ 23,200 ಮುಟ್ಟಲಿಲ್ಲ. ಗುರುವಾರ ಮಧ್ಯಾಹ್ನ ಮೂರೂವರೆಗೆ ಅವಧಿ ಮುಗಿದು ₹1,17,000 ಸೊನ್ನೆಯಾಯಿತು.

ಶುಕ್ರವಾರ, ಜೂನ್ 7ರಂದು, ನಿಫ್ಟಿ 23,290. ಸೋಮವಾರದ ಮಟ್ಟಕ್ಕಿಂತಲೂ ಮೇಲೆ.

ಈ ಒಂದು ವಾರವನ್ನು ನಾನು ಈಗ ಎಲ್ಲ ಕಡೆ ಹೇಳುತ್ತೇನೆ. ಸೋಮವಾರ ಮಾರುಕಟ್ಟೆ ಮುಗಿಯುವಾಗ ಅದೇ ₹1,17,000 ನಿಫ್ಟಿಯ ಕಂಪನಿಗಳ ಷೇರುಗಳನ್ನೇ ಅದೇ ಪ್ರಮಾಣದಲ್ಲಿ ಕೊಳ್ಳುವ ಇಂಡೆಕ್ಸ್ ಫಂಡಿನಲ್ಲಿ ಇದ್ದಿದ್ದರೆ, ಮಂಗಳವಾರ ಸುಮಾರು ₹1,10,000ಕ್ಕೆ ಇಳಿದು ಹೊಟ್ಟೆ ಉರಿಸುತ್ತಿತ್ತು, ಶುಕ್ರವಾರ ₹1,17,100ಕ್ಕೆ ಮರಳುತ್ತಿತ್ತು. ಮಾರುಕಟ್ಟೆ ಇನ್ನೂ ಏರುತ್ತದೆ ಎಂಬ ಹುಡುಗನ ಊಹೆ ತಪ್ಪಾಗಿರಲಿಲ್ಲ. ಅದು ನಿಜವಾಗುವ ದಿನಕ್ಕೆ ಅವನ ಬಳಿ ಏನೂ ಉಳಿದಿರಲಿಲ್ಲ. ಅವಧಿ ಗೊತ್ತುಮಾಡಿದ ಪಂದ್ಯದಲ್ಲಿ ದಿಕ್ಕು ಸರಿಯಿದ್ದರೆ ಸಾಲದು, ದಿನವೂ ಸರಿಯಿರಬೇಕು. ಎಲ್ಲ ಹಣವನ್ನೂ ಇಟ್ಟಿದ್ದರೆ ಎರಡನೆಯ ಸಲ ಪ್ರಯತ್ನಿಸಲೂ ಆಗುವುದಿಲ್ಲ.

ಭಾಷಣ: ಮೊದಲ ಪ್ರಯತ್ನ

ಇದೊಂದೂ ತಿಳಿಯದೆ ನಾನು ಸೆಪ್ಟೆಂಬರಿನಲ್ಲಿ ಆ ಕೋಣೆಯಲ್ಲಿ ನಿಂತಿದ್ದೆ. ಹೊರಗೆ ಮಳೆ ಬಿಟ್ಟು ಬಿಟ್ಟು ಹೊಯ್ಯುತ್ತಿತ್ತು, ಹಿಂದಿನ ಬೆಂಚಿನವರಿಗೆ ಕೇಳಲೆಂದು ದನಿ ಎತ್ತಬೇಕಾಗಿತ್ತು. ಅದೇ ವಾರ ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಒಂದು ಅಧ್ಯಯನ ಪ್ರಕಟಿಸಿತ್ತು: 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಷೇರು ಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ವೈಯಕ್ತಿಕ ವ್ಯಾಪಾರಿಗಳಲ್ಲಿ ಶೇಕಡಾ 93 ಮಂದಿ ನಷ್ಟ ಅನುಭವಿಸಿದ್ದಾರೆ, ಅವರೆಲ್ಲರ ನಷ್ಟ ಸೇರಿ ₹1.8 ಲಕ್ಷ ಕೋಟಿಗೂ ಹೆಚ್ಚು. ಇದಕ್ಕಿಂತ ಬಲವಾದ ಆರಂಭ ಬೇಕೇ ಎಂದುಕೊಂಡು ಅದನ್ನೇ ಕಪ್ಪು ಹಲಗೆಯ ಮೇಲೆ ಬರೆದೆ.

ಯಾರ ಮುಖದಲ್ಲೂ ಬದಲಾವಣೆ ಇಲ್ಲ. ಮೊದಲ ಸಾಲಿನ ಒಬ್ಬ ಕೈ ಎತ್ತಿ, "ಹಾಗಾದರೆ ಆ ಏಳು ಮಂದಿ ಏನು ಮಾಡಿದರು ಸರ್?" ಎಂದು ಕೇಳಿದ. ಕೋಣೆಯಲ್ಲಿ ಇದ್ದವರೆಲ್ಲ ಪುಸ್ತಕ ತೆರೆದರು, ಉತ್ತರ ಬರೆದುಕೊಳ್ಳಲು.

ನೂರರಲ್ಲಿ 93 ಮಂದಿ ಸೋಲುತ್ತಾರೆ ಎಂದು ಹೇಳಿದರೆ ಇಪ್ಪತ್ತರ ವಯಸ್ಸಿನವರು ತಮ್ಮನ್ನು ಉಳಿದ ಏಳರಲ್ಲೇ ಎಣಿಸಿಕೊಳ್ಳುತ್ತಾರೆ. ಅದು ಅಹಂಕಾರವಲ್ಲ, ಆ ವಯಸ್ಸಿನ ಧೈರ್ಯ. ಅಂಕಿಯಿಂದ ಹೆದರಿಸಿದರೆ ಆ ಧೈರ್ಯ ಇನ್ನಷ್ಟು ಕೆರಳುತ್ತದೆ.

ನಾಣ್ಯದ ಆಟ

ಆಗ ನಾಣ್ಯದ ಆಟಕ್ಕೆ ತಿರುಗಿದೆ. ಪ್ರತಿಯೊಬ್ಬರೂ ಒಂದು ನಾಣ್ಯ ಹಿಡಿದು ಪುಸ್ತಕದಲ್ಲಿ ₹10,000 ಎಂದು ಬರೆಯಬೇಕು. ಪ್ರತಿ ಸಲವೂ ಇರುವ ಹಣವನ್ನೆಲ್ಲ ಇಡಬೇಕು. ಹೆಡ್ ಬಿದ್ದರೆ ಹಣ ಶೇಕಡಾ 60 ಹೆಚ್ಚುತ್ತದೆ, ಟೇಲ್ ಬಿದ್ದರೆ ಅರ್ಧವಾಗುತ್ತದೆ. ಗೆಲುವು 60, ಸೋಲು 50. ಆದ್ದರಿಂದ ನೋಡಲು ಆಟ ನಮ್ಮ ಪರವಾಗಿಯೇ ಇದೆ. ಇಪ್ಪತ್ತು ಸಲ ಎಸೆಯಿರಿ ಎಂದೆ.

ಐದೇ ನಿಮಿಷದಲ್ಲಿ ಕೋಣೆ ಸಂತೆಯಾಯಿತು. ನಾಣ್ಯಗಳು ಬೆಂಚಿನ ಕೆಳಗೆ ಉರುಳಿದವು, ಮೊಬೈಲಿನಲ್ಲಿ ಗುಣಿಸುವವರು ಗುಣಿಸಿದರು. ಮುಗಿದ ಮೇಲೆ ಎಲ್ಲರ ಮೊತ್ತವನ್ನೂ ಹಲಗೆಯ ಮೇಲೆ ಬರೆಸಿದೆ. 36 ಮಂದಿಯಲ್ಲಿ ಒಂಬತ್ತು ಮಂದಿಯ ಹತ್ತಿರ ಮಾತ್ರ ಹತ್ತು ಸಾವಿರಕ್ಕಿಂತ ಹೆಚ್ಚು ಇತ್ತು. 21 ಮಂದಿಯ ಬಳಿ ₹1,100 ಕೂಡ ಇರಲಿಲ್ಲ. ಹತ್ತು ಹೆಡ್, ಹತ್ತು ಟೇಲ್ ಬಿದ್ದವರಿಗೆ ಉಳಿದದ್ದು ₹1,074. ಆದರೆ ಎರಡನೆಯ ಸಾಲಿನ ಒಬ್ಬ ಹುಡುಗಿಗೆ ಹದಿನೈದು ಹೆಡ್ ಬಿದ್ದಿತ್ತು. ಅವಳ ಪುಸ್ತಕದಲ್ಲಿ ₹3,60,288.

ಇಡೀ ಕೋಣೆ ಚಪ್ಪಾಳೆ ತಟ್ಟಿತು. ಭಾಷಣ ಎರಡನೆಯ ಸಲ ದಾರಿ ತಪ್ಪಿದ್ದು ಇಲ್ಲಿ. 27 ಮಂದಿ ಸೋತದ್ದನ್ನು ತೋರಿಸಲು ತಂದ ಆಟದಲ್ಲಿ ಎಲ್ಲರೂ ಗೆದ್ದ ಒಬ್ಬಳನ್ನು ನೋಡುತ್ತಿದ್ದರು. 36 ಮಂದಿಯ ಸರಾಸರಿ ತೆಗೆದರೂ ₹15,300 ಬರುತ್ತಿತ್ತು, ಅಂದರೆ 'ಸಂಘಕ್ಕೆ' ಲಾಭವೇ. ಆ ಲಾಭದ ಬಹುಪಾಲು ಒಂದು ಪುಸ್ತಕದಲ್ಲಿ ಕುಳಿತಿತ್ತು. ಪೇಟೆಯಲ್ಲೂ ನಡೆಯುವುದು ಹೀಗೆಯೇ. ನಮ್ಮ ಕಿವಿಗೆ ಬೀಳುವುದು ಆ ಒಂದು ಪುಸ್ತಕದ ಕಥೆ ಮಾತ್ರ, ಸೋತವರು ಮಾತಾಡುವುದಿಲ್ಲ.

ಟಿಪ್ಪಣಿಯಲ್ಲಿ ಮುಂದೆ ಸೂತ್ರಗಳಿದ್ದವು. ಅವನ್ನು ಪಕ್ಕಕ್ಕಿಟ್ಟು ಆ ಹುಡುಗಿಯನ್ನು, "ಮೂರೂವರೆ ಲಕ್ಷ ಇದೆಯಲ್ಲ ಅಮ್ಮ, ಇಲ್ಲಿಗೆ ನಿಲ್ಲಿಸುತ್ತೀಯಾ, ಮುಂದುವರಿಸುತ್ತೀಯಾ?" ಎಂದು ಕೇಳಿದೆ. ಅವಳು ಯೋಚಿಸಲೇ ಇಲ್ಲ. "ಮುಂದುವರಿಸುತ್ತೇನೆ ಸರ್, ಆಟ ನಮ್ಮ ಪರವಾಗಿ ಇದೆಯಲ್ಲ" ಎಂದಳು. ಎಲ್ಲರ ಮುಂದೆ, ಮೇಜಿನ ಮೇಲೆ, ಎರಡು ರೂಪಾಯಿಯ ನಾಣ್ಯವನ್ನು ಇನ್ನೂ ಇಪ್ಪತ್ತು ಸಲ ಎಸೆದಳು. ಒಬ್ಬ ಹಲಗೆಯ ಮೇಲೆ ಬರೆಯುತ್ತ ಹೋದ. ಈ ಸಲ ಎಂಟು ಹೆಡ್, ಹನ್ನೆರಡು ಟೇಲ್. ಕೊನೆಯ ಸಾಲು: ₹3,778.

ಮಳೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಟ್ಟು ನಲವತ್ತು ಎಸೆತದಲ್ಲಿ ಅವಳಿಗೆ 23 ಹೆಡ್, 17 ಟೇಲ್. ಸೋತದ್ದಕ್ಕಿಂತ ಆರು ಸಲ ಹೆಚ್ಚು ಗೆದ್ದಿದ್ದಾಳೆ, ಆಟವೂ ಅವಳ ಪರವಾಗಿತ್ತು, ಆದರೂ ಹತ್ತು ಸಾವಿರ ಮೂರೂಮುಕ್ಕಾಲು ಸಾವಿರಕ್ಕೆ ಇಳಿದಿದೆ. ಏಕೆ ಎಂಬುದನ್ನು ಆಗ ಹೇಳಿದೆ: ಒಂದು ಗೆಲುವು, ಒಂದು ಸೋಲು ಸೇರಿದರೆ ನೂರು ರೂಪಾಯಿ ಮೊದಲು 160 ಆಗುತ್ತದೆ, ಆಮೇಲೆ 80. ಕ್ರಮ ತಿರುಗಿಸಿದರೂ 80. ಪ್ರತಿ ಜೋಡಿಗೂ ಐದರಲ್ಲಿ ಒಂದು ಭಾಗ ಕರಗುತ್ತದೆ. ಗೆಲುವು ಸೋಲುಗಳನ್ನು ನಾವು ಮನಸ್ಸಿನಲ್ಲಿ ಕೂಡಿಸಿ ಕಳೆಯುತ್ತೇವೆ, ಹಣ ಗುಣಿಸುತ್ತಾ ಭಾಗಿಸುತ್ತಾ ಹೋಗುತ್ತದೆ.

ನಂತರ ಅದೇ ನಲವತ್ತು ಎಸೆತಗಳನ್ನು, ಅದೇ ಕ್ರಮದಲ್ಲಿ, ಮತ್ತೊಮ್ಮೆ ಲೆಕ್ಕ ಮಾಡಿಸಿದೆ. ಬದಲಾವಣೆ ಒಂದೇ: ಪ್ರತಿ ಸಲ ಇರುವ ಹಣದ ಐದನೆಯ ಒಂದು ಭಾಗವನ್ನಷ್ಟೇ ಇಡುವುದು. ಹಾಗೆ ಇಟ್ಟರೆ ಹೆಡ್‌ಗೆ ಒಟ್ಟು ಹಣ ಶೇಕಡಾ 12 ಏರುತ್ತದೆ, ಟೇಲ್‌ಗೆ ಶೇಕಡಾ 10 ಇಳಿಯುತ್ತದೆ. ಮೂರೂವರೆ ಲಕ್ಷದ ಶಿಖರ ಎಲ್ಲೂ ಬರಲಿಲ್ಲ. ಕೊನೆಯಲ್ಲಿ ನಿಂತ ಮೊತ್ತ ₹22,600. ನಾಣ್ಯ ಅದೇ, ಅದೃಷ್ಟ ಅದೇ, ಕೈ ಅದೇ. ಒಂದು ಕಡೆ ₹3,778, ಇನ್ನೊಂದು ಕಡೆ ₹22,600.

ಕಾಫಿಯ ಮಾತು

ಇದು ಅರ್ಥವಾಯಿತು, ಆದರೆ ಇನ್ನೂ ನಾಣ್ಯದ ಮಾತಾಗಿಯೇ ಇತ್ತು. ಕಡತಗಳ ಕಾಲದ ನೆನಪೊಂದನ್ನು ಹೇಳಿದೆ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಸುಟ್ಟುಹೋಯಿತು, ಜಗತ್ತಿನಲ್ಲೆಲ್ಲ ಬೆಲೆ ಏರಿತು. ಕಾಫಿ ಮಂಡಳಿಯ ಹಿಡಿತ ಸಡಿಲವಾಗಿ ಬೆಳೆಗಾರರು ತಾವೇ ಮಾರಲು ಆರಂಭಿಸಿದ ಕಾಲವೂ ಅದೇ. ಕೊಡಗಿನ ಮನೆಗಳು ಹಿಂದೆಂದೂ ನೋಡದಷ್ಟು ಹಣ ನೋಡಿದವು. ನಮ್ಮ ಶಾಖೆಗೆ ಬರುತ್ತಿದ್ದ ಇಬ್ಬರು ಅಕ್ಕಪಕ್ಕದ ಬೆಳೆಗಾರರು ನನಗೆ ಚೆನ್ನಾಗಿ ನೆನಪಿದ್ದಾರೆ. ಒಬ್ಬರು ಬೆಲೆ ಇನ್ನೂ ಏರುತ್ತದೆ ಎಂದು ಇರುವ ತೋಟವನ್ನು ಅಡವಿಟ್ಟು ಮತ್ತೊಂದು ತೋಟ ಕೊಂಡರು. ಇನ್ನೊಬ್ಬರು ಹಳೆಯ ಸಾಲ ತೀರಿಸಿ, ನೆರಳಿನ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿ, ಒಂದು ವರ್ಷದ ಖರ್ಚನ್ನು ಠೇವಣಿಯಲ್ಲಿ ಇಟ್ಟರು.

ವಿಯೆಟ್ನಾಂ ಕಾಫಿ ಜಗತ್ತಿಗೆಲ್ಲ ಹರಿದು ಬಂದು 2001-02ರ ಹೊತ್ತಿಗೆ ಬೆಲೆ ಪಾತಾಳ ಕಂಡಿತು. ಕೊಯ್ಲಿನ ಕೂಲಿ ಹುಟ್ಟುವುದೂ ಕಷ್ಟವಾದ ದಿನಗಳು. ಮೊದಲನೆಯವರ ಬಡ್ಡಿ ನಿಲ್ಲಲಿಲ್ಲ. ಹೊಸ ತೋಟದ ಜೊತೆಗೆ ಹಳೆಯದರ ಅರ್ಧವೂ ಹೋಯಿತು. ಕಾಫಿ ಗಿಡ ನೆಟ್ಟು ಫಸಲು ನೋಡಲು ನಾಲ್ಕು ವರ್ಷ ಬೇಕು, ಒಮ್ಮೆ ಕೈಬಿಟ್ಟ ತೋಟ ಹಾಗೆಲ್ಲ ಮರಳಿ ಬರುವುದಿಲ್ಲ. ಎರಡನೆಯವರೂ ಆ ವರ್ಷಗಳಲ್ಲಿ ಏನೂ ಗಳಿಸಲಿಲ್ಲ. ಮೆಣಸು ಮಾರಿ, ಠೇವಣಿ ಮುರಿದು, ಗಿಡಗಳನ್ನು ಉಳಿಸಿಕೊಂಡರು, ಅಷ್ಟೇ. ಈಗ 2024ರಲ್ಲಿ ಕಾಫಿಗೆ ಚಿನ್ನದ ಬೆಲೆ ಬಂದಾಗ ಅದನ್ನು ತೆಗೆದುಕೊಳ್ಳಲು ತೋಟವಿದ್ದದ್ದು ಅವರ ಮಕ್ಕಳಿಗೆ. ಬೆಲೆ ಮರಳಿ ಬರುತ್ತದೆ ಎಂದು ಇಬ್ಬರೂ ನಂಬಿದ್ದರು, ಇಬ್ಬರ ನಂಬಿಕೆಯೂ ನಿಜವಾಯಿತು.

ಪುಸ್ತಕ ಮುಚ್ಚಿ ಕೇಳುತ್ತಿದ್ದರು. ಕಿಟಕಿ ಪಕ್ಕದ ಒಬ್ಬಳು, "ನಮ್ಮ ತಾತನ ತೋಟವೂ ಹಾಗೆಯೇ ಹೋಯಿತು ಎಂದು ಅಮ್ಮ ಹೇಳುತ್ತಾರೆ" ಎಂದಳು. ಭಾಷಣ ತಾಗಿದ್ದು ಆಗ. 'ಆಟದಲ್ಲಿ ಉಳಿಯುವುದು' ಎಂಬ ಮಾತಿಗೆ ಅವರ ಮನೆಯ ಅಂಗಳದಲ್ಲೇ ಅರ್ಥವಿತ್ತು. ನಾನು ಅಲ್ಲಿಂದಲೇ ಶುರು ಮಾಡಬೇಕಾಗಿತ್ತು.

ಮೆಟ್ಟಿಲಿನ ಮೇಲಿನ ಪ್ರಶ್ನೆ

ಎಲ್ಲರೂ ಹೋದ ಮೇಲೆ ಕಾರ್ಯದರ್ಶಿ ನನ್ನನ್ನು ಬಸ್ ನಿಲ್ದಾಣಕ್ಕೆ ಬಿಡಲು ಬಂದ. ಮೆಟ್ಟಿಲಿನ ಬಳಿ ಕೊಡೆ ಬಿಚ್ಚುವ ಮುಂಚೆ ಕೇಳಿದ: "ಸರ್, ಹದಿನೈದು ಸಾವಿರ ಇದೆ ಎಂದುಕೊಳ್ಳಿ. ಪ್ರತಿ ವಾರ ಐದರಲ್ಲಿ ಒಂದು ಭಾಗದಂತೆ ಆಪ್ಷನ್ ಕೊಂಡರೆ ಒಂದು ಲಕ್ಷದ ಹದಿನೇಳು ಸಾವಿರ ಆಗಲು ಎಷ್ಟು ದಿನ ಬೇಕು?"

ಯಾರೂ ಸುಮ್ಮನೆ ಅಂಥ ಮೊತ್ತ ಹೇಳುವುದಿಲ್ಲ. "ಯಾರದ್ದಪ್ಪ ಆ ಹಣ?" ಎಂದೆ. ಅವನು ಮೊಬೈಲ್ ತೆಗೆದು ಜೂನ್ ತಿಂಗಳ ಪುಟ ತೋರಿಸಿದ. ಕೆಂಪು ಅಕ್ಷರದಲ್ಲಿ ಒಂದೇ ಒಂದು ಸಾಲು. ಮೂರೂವರೆ ತಿಂಗಳಿಂದ ಅದನ್ನು ಯಾರಿಗೂ ತೋರಿಸಿರಲಿಲ್ಲ. ತಂದೆಗೆ, ಹಣ ಷೇರಿನಲ್ಲಿದೆ, ಈಗ ತೆಗೆದರೆ ನಷ್ಟ ಎಂದು ಹೇಳಿದ್ದ. ಮಳೆಗಾಲದ ಗೊಬ್ಬರವನ್ನು ತಂದೆ ಅರ್ಧಕ್ಕೆ ಇಳಿಸಿದ್ದರು. ಮಳೆ ಕಳೆದ ಮೇಲೆ ಹಾಕುವ ಗೊಬ್ಬರಕ್ಕೆ ಅಕ್ಟೋಬರಿನಲ್ಲಿ ಹಣ ಬೇಕೇ ಬೇಕು. ಅವನ ಬಳಿ ಇದ್ದ ಹದಿನೈದು ಸಾವಿರವೂ ಗೆಳೆಯನಿಂದ ಪಡೆದ ಸಾಲ.

ನನ್ನ ಭಾಷಣದ ದೊಡ್ಡ ಕೊರತೆ ಆ ಪ್ರಶ್ನೆಯಲ್ಲಿತ್ತು. ಐದರಲ್ಲಿ ಒಂದು ಭಾಗ ಎಂಬುದನ್ನು ಅವನು ಮಂತ್ರವಾಗಿ ತೆಗೆದುಕೊಂಡಿದ್ದ. ನಾಣ್ಯದ ಆಟ ನಮ್ಮ ಪರವಾಗಿ ಇರುವಂತೆ ನಾನೇ ಕಟ್ಟಿದ್ದೆ. ಗೆಲುವು 60, ಸೋಲು 50 ಎಂದು ಮೊದಲೇ ಗೊತ್ತಿತ್ತು. ವಾರದ ಆಪ್ಷನ್ ಕೊಳ್ಳುವವನಿಗೆ ಹಾಗೆ ಯಾರೂ ಬರೆದುಕೊಟ್ಟಿಲ್ಲ. ಆಪ್ಷನ್ನಿಗೆ ಅವನು ಕೊಡುವ ಬೆಲೆಯಾದ ಪ್ರೀಮಿಯಂನಲ್ಲಿ ಪ್ರತಿ ದಿನವೂ ಒಂದು ಪಾಲು ಸುಮ್ಮನೆ ಕರಗುತ್ತದೆ, ಮೇಲೆ ಬ್ರೋಕರ್ ಶುಲ್ಕ, ತೆರಿಗೆ. ಆಟವೇ ವಿರುದ್ಧವಾಗಿದ್ದರೆ ಕಡಿಮೆ ಇಡುವುದರಿಂದ ಸೋಲು ನಿಧಾನವಾಗುತ್ತದೆ, ಗೆಲುವಾಗುವುದಿಲ್ಲ. ಇದನ್ನು ವೇದಿಕೆಯ ಮೇಲೆ ಹೇಳದೆ ಬಿಟ್ಟಿದ್ದೆ. ಮುಂದಿನ ವಾರ ಅಧ್ಯಾಪಕರ ಮೂಲಕ ಸಂಘಕ್ಕೆ ಒಂದು ಪುಟ ಬರೆದು ಕಳುಹಿಸಿದೆ. ನಾಣ್ಯದ ಆಟ ಆಡಿಸುವವರು ದಯವಿಟ್ಟು ಇನ್ನೊಂದು ಸುತ್ತನ್ನೂ ಆಡಿಸಿ: ಗೆಲುವು 40, ಸೋಲು 50, ಪಾಲು ಐದರಲ್ಲಿ ಒಂದು. ಹತ್ತು ಹೆಡ್, ಹತ್ತು ಟೇಲ್ ಬಿದ್ದರೆ ಹತ್ತು ಸಾವಿರ ಸುಮಾರು ₹7,500ಕ್ಕೆ ಇಳಿಯುತ್ತದೆ. ನಂತರ, ಇದರಲ್ಲಿ ಉಳಿಯಬೇಕೇ ಎಂದು ಕೇಳಿ.

ಹುಡುಗನಿಗೆ ನಾನು ಹೇಳಿದ್ದು ಎರಡೇ ವಿಷಯ. ಮೊದಲನೆಯದು, 1,17,000 ಎಂಬ ಅಂಕಿಯನ್ನು ಮರೆಯುವುದು. ಅದರಲ್ಲಿ ₹38,000 ಒಂದು ದಿನವಷ್ಟೇ ಅವನ ಬಳಿ ಇದ್ದ ಲಾಭ. ಅವನದು ಹೋದದ್ದು ₹19,000, ತಂದೆಯದು ₹60,000. ಹದಿನೈದು ಸಾವಿರವನ್ನು ಒಂದು ಲಕ್ಷದ ಹದಿನೇಳು ಸಾವಿರ ಮಾಡಲು ಎಂಟು ಪಟ್ಟು ಹತ್ತಿರ ಬೆಳೆಸಬೇಕು. ಅಷ್ಟು ಬೇಗ ಎಂಟು ಪಟ್ಟು ಮಾಡುವ ದಾರಿಗಳೆಲ್ಲ ಒಂದೇ ಏಟಿಗೆ ಸೊನ್ನೆ ಮಾಡುವ ದಾರಿಗಳೂ ಹೌದು. ಎರಡನೆಯದು, ಗೊಬ್ಬರದ ದಿನ ಬರುವ ಮುಂಚೆ ತಂದೆಗೆ ಹೇಳುವುದು. ನಾನು ಜೊತೆಗೆ ಬರಬೇಕೇ ಎಂದು ಕೇಳಿದೆ. ಬೇಡ ಎಂದ. ಗೆಳೆಯನ ಹಣವನ್ನು ಅಲ್ಲೇ, ಮೆಟ್ಟಿಲಿನ ಮೇಲೆ ನಿಂತು, ಮೊಬೈಲಿನಲ್ಲಿ ವಾಪಸ್ ಕಳುಹಿಸಿದ.

ನಂತರ ಆದದ್ದು

ತಂದೆಗೆ ಆ ಭಾನುವಾರ ಹೇಳಿದ. ಅವರು ಎರಡು ದಿನ ಮಾತಾಡಲಿಲ್ಲವಂತೆ. ಮೂರನೆಯ ದಿನ ಸಹಕಾರ ಸಂಘಕ್ಕೆ ಹೋಗಿ ಬೆಳೆ ಸಾಲದ ಉಳಿದ ಮಿತಿಯಲ್ಲಿ ಗೊಬ್ಬರಕ್ಕೆ ಹಣ ತಂದರು, ಡಿಮ್ಯಾಟ್ ಖಾತೆಯ ಗುಪ್ತಪದವನ್ನು ಬದಲಿಸಿದರು. ಮಗ ವಾರಾಂತ್ಯದಲ್ಲಿ ಹೋಂಸ್ಟೇ ಕೆಲಸಕ್ಕೆ ಮರಳಿದ. ತಿಂಗಳಿಗೆ ₹3,000ದಂತೆ ತಂದೆಗೆ ಕೊಡುತ್ತ ಬಂದ.

ಅಧ್ಯಾಪಕರು ಸ್ಪರ್ಧೆಯ ನಿಯಮ ಬದಲಿಸಿದರು. ಅವಧಿ ಮೂರು ತಿಂಗಳ ಬದಲು ಒಂದು ವರ್ಷ. ಯಾವ ದಿನವಾದರೂ ಕಾಗದದ ಒಂದು ಲಕ್ಷ ₹80,000ಕ್ಕಿಂತ ಕೆಳಗೆ ಇಳಿದರೆ ಅಲ್ಲಿಗೆ ಸ್ಪರ್ಧೆಯಿಂದ ಹೊರಗೆ. ಬಹುಮಾನ ಮೊದಲಿಗರೊಬ್ಬರಿಗಲ್ಲ, ವರ್ಷದ ಕೊನೆಗೆ ಉಳಿದು ಠೇವಣಿಯ ಬಡ್ಡಿಗಿಂತ ಹೆಚ್ಚು ಗಳಿಸಿದ ಎಲ್ಲರಿಗೂ. ಇದರಿಂದ ಎಲ್ಲವೂ ಸರಿಹೋಯಿತು ಎಂದೇನೂ ಅಲ್ಲ. ಎರಡು ತಿಂಗಳಲ್ಲಿ ಹನ್ನೊಂದು ಮಂದಿ ಸಂಘ ಬಿಟ್ಟರು, ಬೇಸರವಾಗುತ್ತದೆ ಎಂದು. ಅವರಲ್ಲಿ ಕೆಲವರಾದರೂ ಹೊರಗೆ ನಿಜವಾದ ಹಣದಿಂದ ಆಡುತ್ತಿರಬಹುದು ಎಂಬ ಚಿಂತೆ ನಮಗೆ ಈಗಲೂ ಇದೆ. ಮಂದಗತಿಯ ಆಟಕ್ಕೆ ಇಪ್ಪತ್ತರ ವಯಸ್ಸಿನವರನ್ನು ಹೇಗೆ ಹಿಡಿದಿಡುವುದು ಎಂಬುದಕ್ಕೆ ನಮ್ಮ ಬಳಿ ಉತ್ತರವಿಲ್ಲ.

ಅದೇ ನವೆಂಬರಿನಿಂದ ಸೆಬಿಯ ಹೊಸ ನಿಯಮ ಬಂದು ನಿಫ್ಟಿಯ ಲಾಟ್ 25ರಿಂದ 75ಕ್ಕೆ ಏರಿತು. ಕೆಲವು ವಿದ್ಯಾರ್ಥಿಗಳು ಇನ್ನು ಅಪಾಯ ಕಡಿಮೆ ಎಂದುಕೊಂಡರು. ಆದರೆ ₹390ರ ಆಪ್ಷನ್‌ನ ಒಂದೇ ಲಾಟ್‌ಗೆ ಆಗ ₹9,750ರ ಬದಲು ₹29,250 ಬೇಕಾಯಿತು. ಒಂದು ಲಕ್ಷ ಇರುವವನಿಗೆ ಅದು ಐದರಲ್ಲಿ ಒಂದು ಭಾಗವನ್ನು ಮೀರಿ ಹೋಯಿತು. ಸಣ್ಣ ಖಾತೆಯವನು ಸಣ್ಣದಾಗಿ ಇಡಲೂ ಆಗದ ಆಟದಿಂದ ದೂರ ಇರಬೇಕು ಎಂಬುದನ್ನು ಈ ಲೆಕ್ಕ ಹಾಕಿಯೇ ವಿವರಿಸಬೇಕಾಯಿತು.

ಇದೇ ರೀತಿ ಮಾತನಾಡಲು ಹೋಗುವವರಿಗೆ ಈ ಪ್ರಕರಣದಿಂದ ನನಗೆ ಕಂಡದ್ದನ್ನು ಹೇಳುವುದಾದರೆ: ನಷ್ಟ ಮಾಡಿಕೊಂಡವನು ಕೋಣೆಯಲ್ಲಿ ಇದ್ದಾನೆ ಎಂದೇ ತಿಳಿದು ಮಾತನಾಡಬೇಕು, ಅವನು ಬಹುಶಃ ಎಲ್ಲರಿಗಿಂತ ಚುರುಕಾದವನು. ಮೊದಲ ದೊಡ್ಡ ಗೆಲುವನ್ನು ಹುಡುಕಿ ಕೇಳಬೇಕು. ಈ ಹುಡುಗ ಶುಕ್ರವಾರ ಇಟ್ಟದ್ದು ತನ್ನ ₹19,000. ಅದೂ ಹೆಚ್ಚೇ, ಆದರೆ ಹೋಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಗೆಲುವೇ ಸೋಮವಾರ ಅವನ ಕೈಯನ್ನು ತಂದೆಯ ಹಣದವರೆಗೆ ಚಾಚಿಸಿತು. ಮತ್ತು ಭಾಷಣ ಮುಗಿದ ಕೂಡಲೇ ಹೊರಡಬಾರದು. ಅರ್ಧ ಗಂಟೆ ಮೆಟ್ಟಿಲಿನ ಬಳಿ ನಿಲ್ಲಬೇಕು.

ಮುಂದಿನ ವರ್ಷ ಸಂಘದ ಮೊದಲ ಸಭೆಗೆ ನನ್ನನ್ನು ಮತ್ತೆ ಕರೆದಿದ್ದರು. ಪದವಿ ಮುಗಿಸಿದ್ದ ಹಳೆಯ ಕಾರ್ಯದರ್ಶಿಯೂ ಬಂದಿದ್ದ. ಅವನು ಹೋಗುವ ಮುಂಚೆ ಸಂಘಕ್ಕೆ ಒಂದು ದಪ್ಪ ಲೆಕ್ಕದ ಪುಸ್ತಕ ಕೊಟ್ಟಿದ್ದ. ಕಾಗದದ ಹಣವಾದರೂ ಪ್ರತಿ ಖರೀದಿಯನ್ನು ಅದರಲ್ಲಿ ಕೈಯಿಂದ ಬರೆಯಬೇಕು. ದಿನಾಂಕ, ಏನು, ಎಷ್ಟು, ಯಾಕೆ ಎಂಬ ಅಂಕಣಗಳ ನಂತರ ಕೊನೆಯದೊಂದು ಅಂಕಣ ಗೆರೆ ಎಳೆದಿದ್ದ: 'ಇದು ಪೂರ್ತಿ ಹೋದರೆ ಉಳಿಯುವುದು'. ಮೊದಲ ಪುಟದ ಮೊದಲ ಸಾಲು ಅವನದೇ ಬರಹ. 3-6-2024, ನಿಫ್ಟಿ 23,200 ಕಾಲ್, 12 ಲಾಟ್, ₹1,17,000. ಕೊನೆಯ ಅಂಕಣದಲ್ಲಿ ಒಂದು ಸೊನ್ನೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅದರ ಮೇಲೆ ಬೆರಳಿಟ್ಟು, "ಇದು ಯಾರದ್ದು ಅಣ್ಣ?" ಎಂದು ಕೇಳಿದಳು. "ನನ್ನದು, ಕುಳಿತುಕೊ, ಹೇಳುತ್ತೇನೆ" ಎಂದು ಅವನು ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟ.